ಡಲ್ ಸೀಸನ್‌ಗೆ ಒಂದು ಪತ್ರ

ಸಣ್ಣ ಅಂಗಡಿಗಳ ಲೆಕ್ಕ ನೋಡುವುದು ನನ್ನ ಕೆಲಸ. ಡಲ್ ಸೀಸನ್ ಶುರುವಾಗುವ ಹೊತ್ತಿಗೆ ಮಾಲೀಕರೊಬ್ಬರು ಒಂದು ಪತ್ರ ತಂದು ತೋರಿಸಿದರು. ಅದರಲ್ಲಿ ಇದ್ದದ್ದು ಎರಡೇ ಸಾಲು: ‘ವ್ಯಾಪಾರ ಕಡಿಮೆ ಇರುವುದರಿಂದ ಕೆಲಸದ ದಿನ ಕಡಿಮೆ ಮಾಡಲಾಗುವುದು. ಎಲ್ಲರೂ ಸಹಕರಿಸಬೇಕು.’ ಇದನ್ನು ಓದಿದ ಕೆಲಸಗಾರ ಮೊದಲು ಯೋಚಿಸುವುದು ಅಂಗಡಿ ಮುಚ್ಚುತ್ತದೆ ಅಂತಲೇ, ಅಲ್ವಾ? ಎಷ್ಟು ದಿನ, ಯಾರಿಗೆ, ಸಂಬಳ ಎಷ್ಟು, ಯಾವುದೂ ಅದರಲ್ಲಿ ಇರಲಿಲ್ಲ.

ಪತ್ರ ತಿದ್ದುವ ಮೊದಲು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅಂಗಡಿಯ ಸಮಯದ ವಿಷಯ ಬೇಗ ಮುಗಿಯಿತು. ನಾಲ್ಕು ವಾರದ ಬಿಲ್‌ಗಳನ್ನು ಗಂಟೆವಾರು ಎಣಿಸಿದೆವು. ಬೆಳಗಿನ ಮೊದಲ ಗಂಟೆಯಲ್ಲೂ ರಾತ್ರಿ ಕೊನೆಯ ಗಂಟೆಯಲ್ಲೂ ಎರಡು ಮೂರು ಬಿಲ್ ಅಷ್ಟೇ. ಹಾಗಾಗಿ ಒಂಬತ್ತರ ಬದಲು ಹತ್ತಕ್ಕೆ ತೆರೆದು, ರಾತ್ರಿ ಎಂಟಕ್ಕೇ ಮುಚ್ಚುವುದು ಎಂದಾಯಿತು. ಕೆಲಸಗಾರರ ದಿನದ ಎಂಟು ಗಂಟೆ ಹಾಗೇ ಉಳಿಯುತ್ತದೆ. ಇದನ್ನೂ ಪತ್ರದಲ್ಲಿ ಬರೆಯಬೇಕು, ಇಲ್ಲದಿದ್ದರೆ ಅದಕ್ಕೂ ಸಂಬಳ ಹಿಡಿಯುತ್ತಾರೆ ಅಂದುಕೊಳ್ಳುತ್ತಾರೆ.

ಕಷ್ಟ ಇದ್ದದ್ದು ಸರದಿಯಲ್ಲಿ. ಆರು ಜನ, ವಾರಕ್ಕೆ ಆರು ದಿನ, ಒಟ್ಟು 36 ಆಳಿನ ದಿನ. ಈಗ 30 ಸಾಕು. ಪ್ರತಿ ವಾರ ಇಬ್ಬರು ಮೂರೇ ದಿನ ಬಂದರೆ, ಉಳಿದ ನಾಲ್ವರು ಆರೂ ದಿನ ಬಂದರೆ ಲೆಕ್ಕ ಸರಿಹೋಗುತ್ತದೆ. ಮೂರು ವಾರಕ್ಕೆ ಒಂದು ಸುತ್ತು. ಬಿಲ್ ಮಾಡುವ ಇಬ್ಬರನ್ನು ಮಾತ್ರ ಒಂದೇ ಜೋಡಿಗೆ ಹಾಕಬಾರದು.

ಮಾಲೀಕರು ಎಂಟು ವಾರ ಅಂದುಕೊಂಡಿದ್ದರು. ಮೂರೇ ದಿನದ ವಾರವನ್ನು ಸಣ್ಣ ವಾರ ಅಂದುಕೊಂಡು ಬರೆದು ನೋಡಿದರೆ ಎರಡು ಜೋಡಿಗೆ ಮೂರು ಮೂರು ಸಣ್ಣ ವಾರ, ಮೂರನೇ ಜೋಡಿಗೆ ಎರಡೇ. ಜಗಳ ಶುರುವಾಗುವುದು ಇಂಥ ಕಡೆಯೇ. ಒಂಬತ್ತು ವಾರ ಮಾಡಿದೆವು, ಎಲ್ಲರಿಗೂ ಮೂರಾಯಿತು.

ಇನ್ನೊಂದು ತೊಡಕು ಸಂಬಳದ್ದು. ಸಣ್ಣ ವಾರ ಬಂದಾಗ ಮೂರು ದಿನದ ಸಂಬಳ ಒಟ್ಟಿಗೇ ಹಿಡಿದರೆ, ಆ ವಾರ ಮನೆ ನಡೆಸುವುದು ಹೇಗೆ? ಅದಕ್ಕೇ ಎಲ್ಲರಿಂದಲೂ ವಾರಕ್ಕೆ ಒಂದೇ ದಿನದ್ದು ಹಿಡಿಯುವುದು ಎಂದು ಬದಲಿಸಿದೆವು. ಒಂಬತ್ತು ವಾರಕ್ಕೆ ಒಂಬತ್ತು ದಿನ, ಮೊತ್ತ ಅಷ್ಟೇ. ಕೈಗೆ ಬರುವುದು ಮಾತ್ರ ಪ್ರತಿ ವಾರ ಒಂದೇ ಸಮ. ಸಂಬಳಕ್ಕೆ ಕೈ ಹಾಕುವ ಮೊದಲು ಕೆಲಸದ ಒಪ್ಪಂದ ಮತ್ತು ಕಾನೂನು ಏನು ಹೇಳುತ್ತದೆ ನೋಡಿ, ಒಬ್ಬೊಬ್ಬರ ಒಪ್ಪಿಗೆಯನ್ನೂ ಬರೆಸಿಕೊಳ್ಳಿ.

ಕೊನೆಗೆ ಪತ್ರ ಹೀಗಾಯಿತು: ‘ಈ ಒಂಬತ್ತು ವಾರ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಅಂಗಡಿ ಹತ್ತಕ್ಕೆ ತೆರೆದು ರಾತ್ರಿ ಎಂಟಕ್ಕೆ ಮುಚ್ಚುತ್ತದೆ, ನಿಮ್ಮ ದಿನದ ಎಂಟು ಗಂಟೆ ಹಾಗೇ ಇರುತ್ತದೆ. ನೀವು ಮೂರೇ ದಿನ ಬರಬೇಕಾದ ಸಣ್ಣ ವಾರಗಳ ತಾರೀಖು ಕೆಳಗಿದೆ. ವಾರಕ್ಕೆ ಐದು ದಿನದ ಸಂಬಳ ಸಿಗುತ್ತದೆ. ನಿಮ್ಮ ಬಾಕಿ ರಜೆ ಮುಟ್ಟುವುದಿಲ್ಲ. ನಾನೂ ಇಷ್ಟು ದಿನ ಆರರಲ್ಲಿ ಒಂದು ಪಾಲು ಕಡಿಮೆ ತೆಗೆದುಕೊಳ್ಳುತ್ತೇನೆ.’

ಓದಿ ಹೇಳಿದಾಗ ಒಬ್ಬಾಕೆ ಕೇಳಿದರಂತೆ: ‘ಸಾರ್, ಮಧ್ಯದಲ್ಲೇ ವ್ಯಾಪಾರ ಏರಿದರೆ?’ ಒಳ್ಳೆಯ ಪ್ರಶ್ನೆ. ಐದನೇ ವಾರಕ್ಕೆ ನಿಲ್ಲಿಸಿದರೆ ಇಬ್ಬರ ಸಂಬಳ ಹಿಡಿದಾಗಿರುತ್ತದೆ, ಅವರ ಎರಡನೇ ಸಣ್ಣ ವಾರ ಮಾತ್ರ ಬಂದಿರುವುದಿಲ್ಲ. ಹಾಗಾಗಿ ಒಂದು ಸಾಲು ಸೇರಿಸಿದೆವು: ‘ಬೇಗ ನಿಲ್ಲಿಸುವುದಾದರೆ ಮೂರನೇ ಅಥವಾ ಆರನೇ ವಾರದ ಕೊನೆಗೇ ನಿಲ್ಲಿಸುತ್ತೇನೆ, ಒಂದು ವಾರ ಮೊದಲೇ ತಿಳಿಸುತ್ತೇನೆ.’