ನಿರ್ದೇಶಕರ ಪರಿಚಯದಲ್ಲಿ ಏನಿರಬೇಕು, ಏನು ಬೇಡ

ಚಿತ್ರೋತ್ಸವಕ್ಕೆ ಸಿನಿಮಾ ಕಳಿಸುವಾಗ ಜೊತೆಗೆ ನಿರ್ದೇಶಕರ ಪರಿಚಯವನ್ನೂ ಕೇಳುತ್ತಾರೆ. ನಮ್ಮ ಕಲಬುರಗಿ, ಬೀದರ, ಯಾದಗಿರಿ ಕಡೆಯ ಹುಡುಗರು ಇದನ್ನು ಅರ್ಜಿ ತುಂಬುವ ಕೊನೆಯ ರಾತ್ರಿ ಬರೆಯುತ್ತಾರೆ. ವೃತ್ತಿಯಿಂದ ನಾನು ಸಂಕಲನಕಾರ. ಕಿರುಚಿತ್ರಗಳ ಮೊದಲ ಸುತ್ತಿನ ಆಯ್ಕೆಯಲ್ಲೂ ಕೂರುತ್ತೇನೆ. ಅಲ್ಲಿ ಕಂಡದ್ದು ಇಷ್ಟು: ಪರಿಚಯ ಓದಿ ಸಿನಿಮಾ ಆರಿಸುವವರು ಕಡಿಮೆ. ಮೊದಲು ಸಿನಿಮಾ ನೋಡುತ್ತೇವೆ. ಕೊನೆಗೆ ಎರಡು ಮೂರು ಸಿನಿಮಾಗಳ ನಡುವೆ ಚರ್ಚೆ ನಿಂತಾಗ ‘ಇದನ್ನು ಮಾಡಿದವರು ಯಾರು, ಹಿಂದೆ ಏನು ಮಾಡಿದ್ದಾರೆ’ ಎಂದು ಆ ಪುಟ ತೆಗೆಯುತ್ತೇವೆ. ಆಗ ಅಲ್ಲಿ ಉತ್ತರ ಇರಬೇಕು.

ಈಚೆಗೆ ಶಹಾಬಾದಿನ ಹೆಣ್ಣುಮಗಳೊಬ್ಬಳು ತನ್ನ ಪರಿಚಯ ತಿದ್ದಿಕೊಡಲು ಕೇಳಿದಳು. ಸಿನಿಮಾ 19 ನಿಮಿಷದ್ದು, ಶಹಾಬಾದ್ ಕಲ್ಲಿನ ಖಣಿಯಲ್ಲಿ ದುಡಿಯುವ ಹೆಂಗಸಿನ ಕಥೆ. ಅವಳು ಬರೆದುಕೊಂಡು ಬಂದದ್ದು ಹೀಗಿತ್ತು: ‘ಚಿಕ್ಕಂದಿನಿಂದಲೂ ಸಿನಿಮಾದ ಬಗ್ಗೆ ಅಪಾರ ಆಸಕ್ತಿ ಹೊಂದಿರುವ ಇವರು ಸಮಾಜಮುಖಿ ಚಿಂತನೆಯ ಯುವ ನಿರ್ದೇಶಕಿ. ಹಲವು ಕಿರುಚಿತ್ರಗಳಲ್ಲಿ ಕೆಲಸ ಮಾಡಿದ್ದು, ಅನೇಕ ಪ್ರಶಸ್ತಿಗಳಿಗೆ ಭಾಜನರಾಗಿದ್ದಾರೆ. ಮಾನವೀಯ ಮೌಲ್ಯಗಳನ್ನು ತೆರೆಗೆ ತರುವುದು ಇವರ ಗುರಿ.’

ಇದರಲ್ಲಿ ಒಂದು ಸಿನಿಮಾದ ಹೆಸರಿಲ್ಲ, ಇಸವಿ ಇಲ್ಲ. ‘ಕೆಲಸ ಮಾಡಿದ್ದು’ ಅಂದರೆ ಏನು ಕೆಲಸ ಅಂತ ತಿಳಿಯುವುದಿಲ್ಲ. ಇದೇ ಮಾತನ್ನು ಬೇರೆ ಯಾವ ಅರ್ಜಿಗೆ ಅಂಟಿಸಿದರೂ ನಡೆಯುತ್ತದೆ.

ಹಾಗಾಗಿ ಬರವಣಿಗೆ ಪಕ್ಕಕ್ಕಿಟ್ಟು, ಏನೇನು ಮಾಡಿದ್ದಾಳೆ ಅಂತ ಕೇಳಿದೆ. ಕಾಲೇಜಿನಲ್ಲಿ 4 ನಿಮಿಷದ ಒಂದು ಅಭ್ಯಾಸಚಿತ್ರ. 2022ರಲ್ಲಿ ಬೀದರಿನ ಬಿದರಿ ಕಸುಬಿನ ಮನೆಯೊಂದರಲ್ಲಿ, ಕೆಲಸ ಕಲಿಯುವ ಹುಡುಗನ ಮೇಲೆ 11 ನಿಮಿಷದ ಸಾಕ್ಷ್ಯಚಿತ್ರ. ಬೇರೆಯವರ ಎರಡು ಕಿರುಚಿತ್ರಗಳಿಗೆ ಲೊಕೇಶನ್ ಸೌಂಡ್. ಒಂದು ದೊಡ್ಡ ಸಿನಿಮಾದ ಚಿತ್ರೀಕರಣದಲ್ಲಿ ಕೆಲವು ದಿನ ಬೂಮ್, ಅಂದರೆ ಉದ್ದ ಕೋಲಿಗೆ ಕಟ್ಟಿದ ಮೈಕ್, ಹಿಡಿದದ್ದು. ಉಳಿದ ಹೊತ್ತು ಅಣ್ಣನ ಜೊತೆ ಮದುವೆ ವಿಡಿಯೋ.

“ಮದ್ವಿ ವಿಡಿಯೋ ಮಾಡೀನಂತ ಬರದ್ರ ಕಡಿಮಿ ಅನಸಂಗಿಲ್ಲೇನ್ರಿ ಸರ?” ಅಂದಳು.

“ಕಡಿಮಿ ಏನಿಲ್ಲ ಯವ್ವಾ. ಆದ್ರ ಅದು ಈ ಸಿನಿಮಾಕ್ಕ ಏನ್ ಕೊಟ್ಟದ ಅನ್ನೋದು ಒಂದ್ ಮಾತಿನ್ಯಾಗ ಹೇಳಾಕ ಬಂದ್ರ ಬರಿ, ಬರಲಿಲ್ಲಂದ್ರ ಬಿಡು” ಅಂದೆ. ಯೋಚಿಸಿ ಬಿಟ್ಟಳು. ನನಗೂ ಅದೇ ಸರಿ ಅನಿಸಿತು. ಪರಿಚಯ ಅಂದರೆ ನೌಕರಿಗೆ ಕೊಡುವ ಬಯೋಡಾಟಾ ಅಲ್ಲ. ಈ ಸಿನಿಮಾದತ್ತ ದಾರಿ ತೋರಿಸುವ ಕೆಲಸಗಳು ಉಳಿದರೆ ಸಾಕು. ಬೂಮ್ ಹಿಡಿದದ್ದನ್ನೂ ತೆಗೆದೆವು, ಲೊಕೇಶನ್ ಸೌಂಡ್ ಮಾಡಿದವರಿಗೆ ಬೂಮ್ ಹಿಡಿಯಲು ಬರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ವಸ್ತುವಿನ ಮಾತು. ‘ಮಾನವೀಯ ಮೌಲ್ಯ’ದಂಥ ಪದಗಳನ್ನು ನಾನು ಯಾರ ಪರಿಚಯದಲ್ಲೂ ಉಳಿಸುವುದಿಲ್ಲ. ನಿರ್ದೇಶಕರ ವಸ್ತು ಯಾವುದು ಎಂದು ತಿಳಿಯಲು ಅವರ ಎರಡು ಸಿನಿಮಾಗಳನ್ನು ಬೆನ್ನಬೆನ್ನಿಗೆ ನೋಡಬೇಕು. ಹಾಗೆ ನೋಡಿದೆವು. ಬಿದರಿ ಸಾಕ್ಷ್ಯಚಿತ್ರದಲ್ಲಿ ಹುಡುಗ ಎರಕದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆಯುತ್ತಾನೆ, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾನೆ. ಮಾತು ತೀರ ಕಡಿಮೆ, ಸುತ್ತಿಗೆಯ ಸದ್ದಿನಲ್ಲೇ ಅವನ ಕೈ ಪಳಗುವುದು ಗೊತ್ತಾಗುತ್ತದೆ. ಖಣಿಯ ಸಿನಿಮಾದಲ್ಲೂ ಆ ಹೆಂಗಸಿನ ದಿನ ಕಲ್ಲು ಸೀಳುವ ಸದ್ದಿನಿಂದ ಶುರುವಾಗುತ್ತದೆ, ಅದು ನಿಂತಾಗ ಏನೋ ಆಗಿದೆ ಎಂದು ನಮಗೆ ತಿಳಿಯುತ್ತದೆ. ಕೈಕೆಲಸದವರ ಬದುಕನ್ನು ಅವರ ಕೆಲಸದ ಸದ್ದಿನಿಂದ ಹೇಳುವುದು ಇವಳ ವಸ್ತುವೂ ಹೌದು, ರೀತಿಯೂ ಹೌದು. ಇವಳು ಸೌಂಡ್ ಕಲಿತವಳು ಎಂಬುದು ಆಗ ಬರೀ ಅರ್ಹತೆಯಾಗಿ ಉಳಿಯದೆ ಸಿನಿಮಾಕ್ಕೆ ಕಾರಣವಾಗಿಯೇ ಕಾಣುತ್ತದೆ. ಅವಳಿಗೇ ಇದು ಹೊಳೆದಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ತಾಂತ್ರಿಕ ಕೆಲಸದ ಸಾಲು. ‘ಧ್ವನಿ ನನ್ನದೇ’ ಅಂತ ಬರೆದಿದ್ದಳು. ಸಿನಿಮಾದ ಕೊನೆಯ ಟೈಟಲ್‌ನಲ್ಲಿ ನೋಡಿದರೆ ಧ್ವನಿ ವಿಭಾಗದಲ್ಲಿ ಮೂರು ಹೆಸರು. ಚಿತ್ರೀಕರಣದ ಜಾಗದಲ್ಲಿ ಮಾತು, ಸದ್ದು ಹಿಡಿಯುವುದು ಲೊಕೇಶನ್ ಧ್ವನಿಗ್ರಹಣ, ಅದನ್ನು ಅವಳ ಗೆಳೆಯನೊಬ್ಬ ಮಾಡಿದ್ದ. ನಿರ್ದೇಶನ ಮಾಡುತ್ತ ಹೆಡ್‌ಫೋನ್ ಹಾಕಿಕೊಂಡು ಕೂರಲು ಆಗುವುದಿಲ್ಲವಲ್ಲ. ಆಮೇಲೆ ಎಲ್ಲಿ ಯಾವ ಸದ್ದು ಇರಬೇಕು, ಎಲ್ಲಿ ಇರಬಾರದು ಎಂದು ಪದರ ಪದರವಾಗಿ ಕಟ್ಟುವುದು ಶಬ್ದ ವಿನ್ಯಾಸ, ಅದು ಅವಳದು. ಎಲ್ಲ ಪದರಗಳ ಮಟ್ಟ ಹೊಂದಿಸಿ ಥೇಟರಿಗೆ ತಯಾರು ಮಾಡುವುದು ಮಿಕ್ಸಿಂಗ್, ಅದನ್ನು ಹೈದರಾಬಾದಿನ ಸ್ಟುಡಿಯೋದಲ್ಲಿ ಮತ್ತೊಬ್ಬರು ಮಾಡಿದ್ದರು. ಪರಿಚಯದಲ್ಲಿ ‘ಧ್ವನಿ’ ಎಂದಷ್ಟೇ ಬರೆದರೆ ಮೂವರ ಕೆಲಸವೂ ಒಬ್ಬಳ ಲೆಕ್ಕಕ್ಕೆ ಹೋಗುತ್ತದೆ. ಆಯ್ಕೆಗೆ ಕೂತವರು ಟೈಟಲ್ ಆಗಷ್ಟೇ ನೋಡಿರುತ್ತಾರೆ, ವ್ಯತ್ಯಾಸ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಒಂದು ಸಾಲು ಹೀಗೆ ಜಾರಿತೆಂದರೆ ಉಳಿದ ಸಾಲುಗಳ ಮೇಲೂ ಸಂಶಯ ಬರುತ್ತದೆ. ಕ್ಯಾಮೆರಾದಲ್ಲೂ ಹೀಗೇ: ಸಹಾಯಕನಾಗಿದ್ದವನು ‘ಛಾಯಾಗ್ರಹಣದಲ್ಲಿ ಕೆಲಸ ಮಾಡಿದ್ದಾರೆ’ ಎಂದು ಬರೆದು ಛಾಯಾಗ್ರಾಹಕನಂತೆ ಕಾಣಿಸಿಕೊಳ್ಳುತ್ತಾನೆ.

ಪ್ರಶಸ್ತಿಗಳನ್ನು ತೆಗೆಸಿದೆ. ಇದ್ದದ್ದು ದುಡ್ಡು ಕಟ್ಟಿದ ಬಹುಪಾಲು ಮಂದಿಗೆ ಪ್ರತಿ ತಿಂಗಳೂ ಪ್ರಮಾಣಪತ್ರ ಹಂಚುವ ಆನ್‌ಲೈನ್ ಸ್ಪರ್ಧೆಗಳವು. ಆಯ್ಕೆಗೆ ಕೂರುವವರಿಗೆ ಅಂಥ ಸ್ಪರ್ಧೆಗಳು ಗೊತ್ತಿರುತ್ತವೆ. ನಿಜವಾಗಿ ಪರದೆಯ ಮೇಲೆ ಜನರೆದುರು ನಡೆದ ಒಂದು ಪ್ರದರ್ಶನ ಇದ್ದರೆ, ಊರು, ವರ್ಷ ಸಮೇತ ಅದೊಂದನ್ನೇ ಬರೆಯುವುದು ಮೇಲು.

ಕೊನೆಗೆ ನಿಂತ ರೂಪ ಇದು, ಸಿನಿಮಾಗಳ ಹೆಸರು ಬಿಟ್ಟು ಕೊಡುತ್ತಿದ್ದೇನೆ:

‘ಶಹಾಬಾದಿನಲ್ಲಿ ಬೆಳೆದ ಇವರು ನಿರ್ದೇಶಕಿ ಮತ್ತು ಲೊಕೇಶನ್ ಧ್ವನಿಗ್ರಾಹಕಿ. ಈ 19 ನಿಮಿಷಗಳ ಕಥಾಚಿತ್ರಕ್ಕೆ ಬರಹ, ನಿರ್ದೇಶನ ಮತ್ತು ಶಬ್ದ ವಿನ್ಯಾಸ ಇವರದು. ಬೀದರಿನಲ್ಲಿ ಬಿದರಿ ಕೆಲಸ ಕಲಿಯುತ್ತಿರುವ ಹುಡುಗನ ಕುರಿತ 11 ನಿಮಿಷಗಳ ಸಾಕ್ಷ್ಯಚಿತ್ರ (2022) ಕಾಲೇಜಿನ ನಂತರ ಇವರು ನಿರ್ದೇಶಿಸಿದ ಮೊದಲ ಸಿನಿಮಾ. ಅದರ ಧ್ವನಿಗ್ರಹಣವನ್ನೂ ಇವರೇ ಮಾಡಿದ್ದಾರೆ. ಕೈಕೆಲಸದವರ ದಿನವನ್ನು ಅವರ ಕೆಲಸದ ಸದ್ದಿನಿಂದಲೇ ಹೇಳುವ ಪ್ರಯತ್ನ ಎರಡರಲ್ಲೂ ಇದೆ. ಇತರರ ಎರಡು ಕಿರುಚಿತ್ರಗಳಿಗೆ ಲೊಕೇಶನ್ ಧ್ವನಿಗ್ರಹಣ ಮಾಡಿದ್ದಾರೆ.’

ಅರ್ಜಿಗೆ ಬಂದ ಸಿನಿಮಾ ಎರಡನೇ ವಾಕ್ಯದಲ್ಲೇ ಬಂದದ್ದಕ್ಕೆ ಕಾರಣವಿದೆ. ಉತ್ಸವದ ಪುಸ್ತಕದಲ್ಲಿ ಜಾಗ ಸಾಲದಿದ್ದರೆ ಸಂಪಾದಕರು ಸಾಮಾನ್ಯವಾಗಿ ಕೆಳಗಿನಿಂದ ಕತ್ತರಿಸುತ್ತಾರೆ. ಹಾಗಾಗಿ ಹೋದರೂ ನಡೆಯುವ ಸಾಲು ಕೊನೆಗಿರಬೇಕು. ‘ನಾನು’ ಎಂದು ಬರೆಯದಿರುವುದೂ ಇದಕ್ಕೇ: ಪುಸ್ತಕದಲ್ಲಿ ಅಚ್ಚಾಗುವುದೂ ವೇದಿಕೆಯಲ್ಲಿ ನಿರೂಪಕರು ಓದುವುದೂ ಇದೇ ಪಠ್ಯ. ಈ ಸಿನಿಮಾ ಯಾಕೆ ಮಾಡಿದೆ, ಖಣಿಯ ದೂಳಿನಲ್ಲಿ ಅವ್ವ ದುಡಿದದ್ದು, ಇಂಥದ್ದೆಲ್ಲ ಇಲ್ಲಿ ಬೇಡ. ಉತ್ಸವಗಳಿಗೆ ಸಿನಿಮಾ ಕಳಿಸುವ ಜಾಲತಾಣ ಫಿಲ್ಮ್‌ಫ್ರೀವೇಯ ಅರ್ಜಿಯಲ್ಲಿ Director Biography ಬೇರೆ, Director Statement ಬೇರೆ. ಅವ್ವನ ಮಾತು ಎರಡನೆಯದಕ್ಕೆ ಸೇರಬೇಕು, ಅಲ್ಲಿ ‘ನಾನು’ ಎಂದೇ ಬರೆಯಬಹುದು.

‘ಕಾಲೇಜಿನ ನಂತರ’ ಎಂಬ ಮಾತನ್ನು ಬೇಕೆಂದೇ ಇಟ್ಟೆವು, ಕಾಲೇಜಿನ ಅಭ್ಯಾಸಚಿತ್ರ ಇರುವಾಗ ಬರೀ ‘ಮೊದಲ ಸಿನಿಮಾ’ ಎನ್ನಲು ಬರುವುದಿಲ್ಲ. ಕೆಲವು ಉತ್ಸವಗಳಲ್ಲಿ ಚೊಚ್ಚಲ ನಿರ್ದೇಶಕರಿಗೆ, ವಿದ್ಯಾರ್ಥಿಗಳಿಗೆ ಬೇರೆ ವಿಭಾಗವಿರುತ್ತದೆ. ಅವಳು ಚೊಚ್ಚಲ ವಿಭಾಗಕ್ಕೇ ಟಿಕ್ ಹಾಕಿದ್ದಳು, ಪರಿಚಯ ಮಾತ್ರ ಹಿಂದಿನ ಸಾಕ್ಷ್ಯಚಿತ್ರದ ಕಥೆ ಹೇಳುತ್ತಿತ್ತು. ಆ ಉತ್ಸವದ ನಿಯಮ ತೆಗೆದು ಓದಿದೆವು. ಅಲ್ಲಿ ಕಥಾಚಿತ್ರವೆಂದು ಬಿಡಿಸಿ ಹೇಳದೆ, ಮೊದಲ ಸಿನಿಮಾ ಎಂದಷ್ಟೇ ಇತ್ತು. ಟಿಕ್ ತೆಗೆದು ಸಾಮಾನ್ಯ ಕಿರುಚಿತ್ರ ವಿಭಾಗಕ್ಕೆ ಹಾಕಿದಳು.

ಉಳಿದದ್ದು ಹೆಸರಿನ ಇಂಗ್ಲಿಷ್ ಸ್ಪೆಲಿಂಗ್. ಟೈಟಲ್‌ನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು, ಸಾಕ್ಷ್ಯಚಿತ್ರದಲ್ಲಿ ಮತ್ತೊಂದು ಇತ್ತು. ಹುಡುಕುವವರಿಗೆ ಅವರು ಮೂರು ಬೇರೆ ಮಂದಿ. ಹಳೆಯ ಸಿನಿಮಾವನ್ನು ಮುಟ್ಟಲು ಆಗದು, ಅದಕ್ಕೇ ಅದರಲ್ಲಿದ್ದ ಸ್ಪೆಲಿಂಗನ್ನೇ ಹೊಸ ಟೈಟಲ್‌ಗೂ ಅರ್ಜಿಗೂ ಹಾಕಿಸಿ, ಫೈಲ್ ಮತ್ತೆ ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆವು.