ಗ್ಯಾಪ್ ರಿಸ್ಕ್: ಮಾರುಕಟ್ಟೆ ಮುಚ್ಚಿದ್ದಾಗ ಸ್ಟಾಪ್‌ಲಾಸ್ ಏನು ಮಾಡುತ್ತದೆ?

ಒಂದು ಷೇರು ಶುಕ್ರವಾರ 100ಕ್ಕೆ ಮುಗಿಯಿತು ಅಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಮೊದಲ ವ್ಯವಹಾರವೇ 92ಕ್ಕೆ ಆಯಿತು. ನಡುವಿನ 99, 97, 95ರಲ್ಲಿ ಒಂದೇ ಒಂದು ಷೇರೂ ಕೈ ಬದಲಾಗಲಿಲ್ಲ. ಚಾರ್ಟ್‌ನಲ್ಲಿ ಅಲ್ಲಿ ಖಾಲಿ ಜಾಗ ಕಾಣುತ್ತದೆ. ಅದೇ ಗ್ಯಾಪ್. ಮಾರುಕಟ್ಟೆ ಮುಚ್ಚಿರುವಾಗ ಪೊಸಿಷನ್, ಅಂದರೆ ಇನ್ನೂ ಮುಗಿಸದ ವ್ಯವಹಾರ, ಇಟ್ಟುಕೊಂಡವರು ಇಂಥ ಖಾಲಿ ಜಾಗಕ್ಕೆ ಸಿಕ್ಕಿಬೀಳಬಹುದು. ಆ ಅಪಾಯದ ಹೆಸರು ಗ್ಯಾಪ್ ರಿಸ್ಕ್.

ಕೊಂಡವರಿಗೆ ಗ್ಯಾಪ್ ಡೌನ್ ಭಯ. ದರ ಬೀಳುತ್ತದೆಂದು ಮೊದಲೇ ಮಾರಿದವರಿಗೆ, ಅಂದರೆ ಶಾರ್ಟ್ ಮಾಡಿದವರಿಗೆ, ಗ್ಯಾಪ್ ಅಪ್ ಭಯ. ಶಾರ್ಟ್ ಮಾಡಿದವರ ಪಾಡು ಒಂದು ಕೈ ಜಾಸ್ತಿಯೇ. ಬೀಳುವ ಷೇರು ದರ ಸೊನ್ನೆಗೆ ನಿಲ್ಲುತ್ತದೆ, ಏರುವ ದರಕ್ಕೆ ಮೇಲೆ ಮಿತಿ ಇಲ್ಲ.

"ನಾನು ಸ್ಟಾಪ್‌ಲಾಸ್ ಹಾಕಿದ್ದೇನಲ್ಲ, ನನಗೇನು ಭಯ?" ಅನ್ನುವವರು ಬಹಳ. ಇಲ್ಲೇ ಎಡವುವುದು. ಸ್ಟಾಪ್‌ಲಾಸ್ ಅಂದರೆ "98ಕ್ಕೆ ಮಾರಿಕೊಡುತ್ತೇವೆ" ಎಂಬ ಮಾತಲ್ಲ. "ದರ 98 ಮುಟ್ಟಿದರೆ ಅಥವಾ ಅದಕ್ಕಿಂತ ಕೆಳಗಿಳಿದರೆ, ಆಗ ಸಿಕ್ಕ ದರಕ್ಕೆ ಮಾರಿಬಿಡಿ" ಎಂಬ ಸೂಚನೆ ಅಷ್ಟೇ. ಮಾರುಕಟ್ಟೆ ತೆರೆದಿದ್ದಾಗ ದರ ಸಾಮಾನ್ಯವಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಾಗಾಗಿ 98ರ ಆಸುಪಾಸಿನಲ್ಲೇ ಕೈ ತೊಳೆದುಕೊಳ್ಳಬಹುದು. 92ಕ್ಕೆ ತೆರೆದ ದಿನ ಆ ಆರ್ಡರ್ ತಕ್ಷಣ ಎಚ್ಚರಗೊಳ್ಳುತ್ತದೆ, ಆದರೆ ಮಾರಾಟವಾಗುವುದು 92ಕ್ಕೋ 91ಕ್ಕೋ. ಸ್ಟಾಪ್-ಲಿಮಿಟ್ ಹಾಕಿದವರ ಕಥೆ ಇನ್ನೂ ಕಷ್ಟ. "97ಕ್ಕಿಂತ ಕಡಿಮೆಗೆ ಮಾರಬೇಡ" ಅಂದಿದ್ದರೆ ಆರ್ಡರ್ ಸುಮ್ನೆ ಕೂತಿರುತ್ತದೆ, ಷೇರು ಬೀಳುತ್ತಲೇ ಹೋಗುತ್ತದೆ.

2020ರ ಮಾರ್ಚ್‌ನ ಕಚ್ಚಾ ತೈಲ ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಚ್ 6ರ ಶುಕ್ರವಾರ ವಿಯೆನ್ನಾದಲ್ಲಿ ಒಪೆಕ್ ದೇಶಗಳು ಮತ್ತು ರಷ್ಯಾ ನಡುವಿನ ಮಾತುಕತೆ ಮುರಿದುಬಿತ್ತು. ಅಂದು ಬ್ರೆಂಟ್ ತೈಲ ಬ್ಯಾರೆಲ್‌ಗೆ 45 ಡಾಲರ್ ಸುಮಾರಿನಲ್ಲಿ ಮುಗಿಯಿತು. ವಾರಾಂತ್ಯದಲ್ಲಿ ಸೌದಿ ಅರೇಬಿಯಾ ತನ್ನ ತೈಲದ ಮಾರಾಟ ದರವನ್ನು ಜೋರಾಗಿ ಇಳಿಸಿತು. ವಹಿವಾಟು ಮತ್ತೆ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಬ್ರೆಂಟ್ 31 ಡಾಲರ್ ಹತ್ತಿರಕ್ಕೆ ಬಂತು. 45ಕ್ಕೆ ಕೊಂಡು 44ರಲ್ಲಿ ಸ್ಟಾಪ್ ಇಟ್ಟವರು ಒಂದು ಡಾಲರ್ ನಷ್ಟಕ್ಕೆ ಸಿದ್ಧರಾಗಿದ್ದರು. ಸಿಕ್ಕಿದ್ದು ಅದರ ಎಷ್ಟೋ ಪಟ್ಟು. ಆದರೆ ಒಂದು ವಿಷಯ ಗಮನಿಸಿ. ಮಾತುಕತೆ ಮುರಿದಿದ್ದು ಶುಕ್ರವಾರವೇ ಗೊತ್ತಿತ್ತು, ಅಂದೇ ದರ ಚೆನ್ನಾಗಿ ಬಿದ್ದಿತ್ತು. ಸೌದಿ ಏನು ಮಾಡುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ. ಪೊಸಿಷನ್ ತಗ್ಗಿಸಲು ಸಮಯ ಇತ್ತು.

ಹಾಗಾದರೆ ಎಷ್ಟು ತಗ್ಗಿಸಬೇಕು? ಇಲ್ಲಿ ಲೆಕ್ಕ ಬೇಕು, ಅಂದಾಜು ಸಾಲದು.

ಖಾತೆಯಲ್ಲಿ 1,00,000 ಇದೆ. ಒಂದು ವ್ಯವಹಾರದಲ್ಲಿ 1,000ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಎಂಬುದು ನಿಮ್ಮ ನಿಯಮ. 100ಕ್ಕೆ ಕೊಂಡು 98ರಲ್ಲಿ ಸ್ಟಾಪ್ ಇಟ್ಟರೆ, ಷೇರಿಗೆ 2 ನಷ್ಟ. 1,000ವನ್ನು 2ರಿಂದ ಭಾಗಿಸಿದರೆ 500 ಷೇರು. ವಾರದ ನಡುವೆ, ಹಗಲು ಹೊತ್ತಿನಲ್ಲಿ ಈ ಲೆಕ್ಕ ಸರಿ. ಅದೇ 500 ಷೇರನ್ನು ಶುಕ್ರವಾರದಾಚೆಗೆ ಒಯ್ದರೆ, ಸೋಮವಾರ 90ಕ್ಕೆ ತೆರೆದಾಗ ಹೋಗುವುದು 5,000. ಐದು ಪಟ್ಟು.

ವಾರಾಂತ್ಯಕ್ಕೆ ಭಾಜಕ ಬದಲಾಗಬೇಕು. ಸ್ಟಾಪ್‌ನ ದೂರ ಅಲ್ಲ, ಗ್ಯಾಪ್‌ನ ದೂರ. "10 ಕೆಳಗೆ ತೆರೆದರೂ 2,000ಕ್ಕಿಂತ ಜಾಸ್ತಿ ಹೋಗಬಾರದು" ಅಂದುಕೊಂಡರೆ, 2,000 ಭಾಗಿಸು 10, ಅಂದರೆ 200 ಷೇರು. ಶುಕ್ರವಾರ ಮುಗಿಯುವ ಮುಂಚೆ 300 ಮಾರಿ, 200 ಇಟ್ಟುಕೊಳ್ಳಬೇಕು. ಸ್ಟಾಪ್ 98ರಲ್ಲೇ ಇರಲಿ, ತೊಂದರೆ ಇಲ್ಲ. ಆದರೆ ಸೈಜ್ ನಿರ್ಧರಿಸುವುದು ಅದಲ್ಲ. ನಷ್ಟದ ಮಿತಿಯನ್ನು 1,000ದಿಂದ 2,000ಕ್ಕೆ ಏರಿಸಿದ್ದು ಮೋಸವಲ್ಲವೇ ಎಂದು ಕೇಳಬಹುದು. ನನ್ನ ಮಟ್ಟಿಗೆ ಅಲ್ಲ. 10ರ ಗ್ಯಾಪ್ ಅಪರೂಪ, ಅದಕ್ಕೆ ಸ್ವಲ್ಪ ಸಡಿಲ ಬಿಡಬಹುದು. ಆದರೆ ಆ ಸಡಿಲವನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಆ 10 ಎಲ್ಲಿಂದ ಬಂತು? ಆ ಷೇರಿನ ಹಳೆಯ ದಾಖಲೆಯಿಂದ. ಹಿಂದಿನ ಕೆಲವು ವರ್ಷಗಳ ಶುಕ್ರವಾರದ ಮುಕ್ತಾಯ ದರ ಮತ್ತು ಸೋಮವಾರದ ಆರಂಭ ದರ ತೆಗೆದುಕೊಂಡು, ಎರಡರ ನಡುವಿನ ವ್ಯತ್ಯಾಸವನ್ನು ಶೇಕಡಾವಾರು ಬರೆದುಕೊಳ್ಳಿ. ಬೋನಸ್, ಷೇರು ವಿಭಜನೆ, ಡಿವಿಡೆಂಡ್ ದಿನಗಳನ್ನು ಬಿಡಿ. ಅಂದು ದರ ತಾನಾಗಿ ಸರಿಹೊಂದುತ್ತದೆ, ಅದು ನಿಜವಾದ ಗ್ಯಾಪ್ ಅಲ್ಲ. ಉಳಿದ ಪಟ್ಟಿಯ ಸರಾಸರಿ ನೋಡಿ ಸಮಾಧಾನ ಪಡಬೇಡಿ. ಹೆಚ್ಚಿನ ಸೋಮವಾರಗಳು ಶಾಂತವಾಗಿಯೇ ತೆರೆಯುತ್ತವೆ. ಮಾರುಕಟ್ಟೆ ಮುಚ್ಚಿರುವ ಗಂಟೆಗಳಲ್ಲಿ ದರದ ಏರಿಳಿತ ತೆರೆದಿರುವ ಗಂಟೆಗಳಿಗಿಂತ ತೀರಾ ಕಡಿಮೆ ಎಂದು 1980ರ ದಶಕದ ಅಧ್ಯಯನಗಳೇ ತೋರಿಸಿವೆ. ನೋಡಬೇಕಾದ್ದು ಪಟ್ಟಿಯ ತಳದಲ್ಲಿರುವ ನಾಲ್ಕೈದು ಕೆಟ್ಟ ದಿನಗಳನ್ನು. ಅತಿ ಕೆಟ್ಟದ್ದು ಶೇಕಡಾ 7 ಇದ್ದರೆ ನಾನು 10 ಹಿಡಿಯುತ್ತೇನೆ. ಮುಂದಿನ ಕೆಟ್ಟ ದಿನ ಹಿಂದಿನದನ್ನು ಮೀರಬಾರದು ಎಂದೇನೂ ಇಲ್ಲ ಅಲ್ವಾ.

ಸಾಲದ ಬಲದಲ್ಲಿ ಹಿಡಿದ ಪೊಸಿಷನ್‌ಗೆ ಇದೇ ಲೆಕ್ಕ ಇನ್ನೂ ಕಟುವಾಗಿ ಬರುತ್ತದೆ. 1,00,000 ಇಟ್ಟು 5,00,000 ಮೌಲ್ಯದ ಫ್ಯೂಚರ್ಸ್ ಹಿಡಿದವರಿಗೆ 10% ಗ್ಯಾಪ್ ಅಂದರೆ ಅರ್ಧ ಹಣ ಖಾಲಿ. 20% ಆದರೆ ಪೂರ್ತಿ. ಅದಕ್ಕೂ ದೊಡ್ಡದಾದರೆ, ನೀವೇ ಬ್ರೋಕರ್‌ಗೆ ಕೊಡಬೇಕಾಗಬಹುದು.

ಉದ್ದ ರಜೆಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. ನಿಮ್ಮ ವಿನಿಮಯ ಕೇಂದ್ರ ಮುಚ್ಚಿದ್ದರೂ ಬೇರೆ ದೇಶಗಳದ್ದು ತೆರೆದಿರುತ್ತದೆ. ಅಲ್ಲಿ ಮೂರು ದಿನ ಆದದ್ದೆಲ್ಲ ಸೇರಿ ನಿಮ್ಮಲ್ಲಿ ಒಂದೇ ಕ್ಷಣದಲ್ಲಿ ಇಳಿಯುತ್ತದೆ. ಕೆಲವೊಮ್ಮೆ ಮಾರುಕಟ್ಟೆ ಮುಚ್ಚುವುದೇ ಅನಿರೀಕ್ಷಿತ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕ್ ಷೇರು ಮಾರುಕಟ್ಟೆ 17ರವರೆಗೂ ತೆರೆಯಲಿಲ್ಲ. ತೆರೆದ ದಿನ ಡೌ ಸೂಚ್ಯಂಕ ಶೇಕಡಾ 7ರಷ್ಟು ಬಿತ್ತು. ಇದು ಯಾವ ಕ್ಯಾಲೆಂಡರ್‌ನಲ್ಲೂ ಇರಲಿಲ್ಲ. ಚುನಾವಣಾ ಫಲಿತಾಂಶ, ಬಡ್ಡಿ ದರದ ಸಭೆ, ಕಂಪನಿಯ ತ್ರೈಮಾಸಿಕ ಫಲಿತಾಂಶ ಇವೆಲ್ಲ ದಿನಾಂಕ ಗೊತ್ತಿರುವ ಅಪಾಯ. ಅವಕ್ಕೆ ಮುಂಚಿತವಾಗಿ ಪೂರ್ತಿ ಹೊರಬರಬಹುದು. ದಿನಾಂಕವೇ ಇಲ್ಲದ ಅಪಾಯಕ್ಕೆ ಹಾಗೆ ಮಾಡಲಾಗದು. ಪ್ರತಿ ರಾತ್ರಿಯೂ ಸೈಜ್ ಹಿಡಿತದಲ್ಲಿರಬೇಕು.

ಪ್ರತಿ ಶುಕ್ರವಾರ ಎಲ್ಲ ಮಾರಿ ಸೋಮವಾರ ಮತ್ತೆ ಕೊಳ್ಳಬಹುದಲ್ಲ? ಕೊಳ್ಳಬಹುದು. ಆದರೆ ಪ್ರತಿ ಸಲ ಶುಲ್ಕ ಹೋಗುತ್ತದೆ, ನಿಮ್ಮ ಪರವಾಗಿ ಬರುವ ಗ್ಯಾಪ್‌ಗಳೂ ಕೈತಪ್ಪುತ್ತವೆ. ನಿಗದಿತ ದರಕ್ಕೆ ಮಾರುವ ಹಕ್ಕು ಕೊಡುವ ಪುಟ್ ಆಪ್ಷನ್ ಕೊಂಡು ತಳ ಕಟ್ಟಿಕೊಳ್ಳುವುದು ಇನ್ನೊಂದು ದಾರಿ. 95ರ ಪುಟ್ ಕೈಯಲ್ಲಿದ್ದರೆ ಷೇರು 80ಕ್ಕೆ ತೆರೆದರೂ ಅವಧಿ ಮುಗಿಯುವವರೆಗೆ 95ರ ಹಕ್ಕು ನಿಮ್ಮದೇ. ದೊಡ್ಡ ಸುದ್ದಿಯ ಮುನ್ನಾದಿನ ಮಾತ್ರ ಅದರ ಪ್ರೀಮಿಯಂ ಮೊದಲೇ ಏರಿ ಕೂತಿರುತ್ತದೆ, ಅಗ್ಗಕ್ಕೆ ಸಿಗುವುದಿಲ್ಲ.

ತಗ್ಗಿಸುವುದನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಬೇಡಿ. ಉದ್ದ ರಜೆಯ ಮುಂಚಿನ ಮಧ್ಯಾಹ್ನ ಕೊಳ್ಳುವವರು ಕಡಿಮೆಯಾಗಿ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಹಿಗ್ಗಬಹುದು. 300 ಷೇರನ್ನು ಎರಡು ಮೂರು ಕಂತಿನಲ್ಲಿ, ಒಂದೆರಡು ಗಂಟೆ ಮುಂಚೆಯೇ ಮಾರಿ ಮುಗಿಸಿ. ಸೋಮವಾರ ಆರಂಭದ ಗದ್ದಲ ಇಳಿದ ಮೇಲೆ, ಕಾರಣ ಇನ್ನೂ ಉಳಿದಿದ್ದರೆ, ಅವನ್ನು ಮತ್ತೆ ಸೇರಿಸಿಕೊಳ್ಳಬಹುದು.