ಯೂಟ್ಯೂಬ್ ಆದಾಯ: ಕಚ್ಚಾ ಲೆಕ್ಕ ಪಕ್ಕಾ ಆಗುವವರೆಗೆ

ಜೂನ್ 14ರಂದು ನಿಮ್ಮ ಚಾನೆಲ್‌ಗೆ ಬಂದ ಆದಾಯ ಎಷ್ಟು? ಯೂಟ್ಯೂಬ್ ಸ್ಟುಡಿಯೋವನ್ನು 17ಕ್ಕೆ ತೆರೆದರೆ 8.40 ಡಾಲರ್ ಅನ್ನುತ್ತದೆ. 22ಕ್ಕೆ ಅದೇ ದಿನದ ಲೆಕ್ಕ 9.10 ಆಗಿರುತ್ತದೆ. ಜುಲೈ ನಡುವೆ ನೋಡಿದರೆ 8.70. ಈ ಅಂಕಿಗಳು ಉದಾಹರಣೆಗೆ ಹೇಳಿದವು, ಆದರೆ ಏರಿ ಇಳಿಯುವ ಈ ರೀತಿ ಚಾನೆಲ್ ನಡೆಸುವವರಿಗೆಲ್ಲ ಗೊತ್ತು. ಯೂಟ್ಯೂಬ್ ದುಡ್ಡು ಕತ್ತರಿಸಿತು ಎಂದು ಹಲವರು ಅಂದುಕೊಳ್ಳುವುದು ಇಲ್ಲೇ. ನಿಜವಾಗಿ ಮೊದಲ ಎರಡು ಅಂಕಿಗಳು ಕಚ್ಚಾ ಲೆಕ್ಕ. ತೆರೆಯ ಮೇಲೆ ಅದರ ಹೆಸರೇ Estimated revenue, ಅಂದರೆ ಅಂದಾಜು ಆದಾಯ.

ಮೊದಲು ದಿನ ಎಂದರೆ ಯಾವ ದಿನ ಎಂಬುದನ್ನು ಸರಿಮಾಡಿಕೊಳ್ಳಬೇಕು. ಸ್ಟುಡಿಯೋದ ದಿನವಾರು ವರದಿ ಅಮೆರಿಕದ ಪಶ್ಚಿಮ ಕರಾವಳಿಯ ಪೆಸಿಫಿಕ್ ಸಮಯದಲ್ಲಿ ನಡೆಯುತ್ತದೆ. ಅಲ್ಲಿ ನಡುರಾತ್ರಿ ಆದಾಗ ನಮ್ಮಲ್ಲಿ ಮಧ್ಯಾಹ್ನ 12.30, ಅವರ ಚಳಿಗಾಲದಲ್ಲಾದರೆ 1.30. ಹಾಗಾಗಿ ವರದಿಯ ಜೂನ್ 14 ಶುರುವಾಗುವುದು ನಮ್ಮ 14ರ ಮಧ್ಯಾಹ್ನ, ಮುಗಿಯುವುದು 15ರ ಮಧ್ಯಾಹ್ನ. ಬೆಂಗಳೂರಿನಲ್ಲಿ ಕೂತು 14ರ ಬೆಳಗ್ಗೆ 10ಕ್ಕೆ ವಿಡಿಯೋ ಹಾಕಿದರೆ ಮೊದಲ ಎರಡೂವರೆ ಗಂಟೆಯ ವೀಕ್ಷಣೆ 13ರ ಖಾತೆಗೆ ಹೋಗುತ್ತದೆ. ವಿಡಿಯೋ ಹಾಕುವುದಕ್ಕೆ ಮುಂಚೆಯೇ ಜನ ನೋಡಿದಂತೆ ಕಾಣುವ ಈ ವಿಚಿತ್ರಕ್ಕೆ ಕಾರಣ ಇಷ್ಟೇ. ನಿಮ್ಮ ಸ್ವಂತ ಡೈರಿಯ ಲೆಕ್ಕಕ್ಕೂ ಸ್ಟುಡಿಯೋ ಲೆಕ್ಕಕ್ಕೂ ತಾಳೆ ಬೀಳದಿದ್ದರೆ ಮೊದಲು ಇದನ್ನು ನೋಡಿ.

ಇನ್ನು ವೀಕ್ಷಣೆಯ ಲೆಕ್ಕ. ಸ್ಟುಡಿಯೋದಲ್ಲಿ ಕಳೆದ 48 ಗಂಟೆಗಳದ್ದು ಎಂದು ಓಡುತ್ತಿರುವ ಅಂಕಿ ಬೇಗ ತೋರಿಸಲೆಂದು ಮಾಡಿದ ಅಂದಾಜು. ಪೂರ್ತಿ ದಾಖಲೆಗಳನ್ನು ಒಟ್ಟುಗೂಡಿಸಿ, ಸೋಸಿ, ದಿನವಾರು ವರದಿಗೆ ಹಾಕಲು ಸಾಮಾನ್ಯವಾಗಿ ಎರಡು ದಿನ ಹಿಡಿಯುತ್ತದೆ. ಈ ನಡುವೆ ಎರಡು ಕೆಲಸ ನಡೆಯುತ್ತಿರುತ್ತವೆ. ಒಂದು, ತಡವಾಗಿ ಬಂದ ದಾಖಲೆಗಳು ಸೇರಿಕೊಳ್ಳುತ್ತವೆ. ನೆಟ್‌ವರ್ಕ್ ಸಿಗದ ಘಾಟಿ ರಸ್ತೆಯಲ್ಲಿ ಯಾರೋ ಡೌನ್‌ಲೋಡ್ ಮಾಡಿಟ್ಟ ವಿಡಿಯೋ ನೋಡಿದ್ದರೆ, ಆ ಸುದ್ದಿ ಸರ್ವರ್‌ಗೆ ಮುಟ್ಟುವುದು ಫೋನ್ ಮತ್ತೆ ನೆಟ್‌ಗೆ ಬಂದ ಮೇಲೇ. ಇನ್ನೊಂದು, ಬಾಟ್‌ಗಳಿಂದ, ಮತ್ತೆ ಮತ್ತೆ ರಿಫ್ರೆಶ್ ಒತ್ತುವುದರಿಂದ, ದುಡ್ಡು ಕೊಟ್ಟು ಕೊಂಡ ನಕಲಿ ವೀಕ್ಷಣೆಗಳಿಂದ ಬಂದ ಎಣಿಕೆಯನ್ನು ತೆಗೆದುಹಾಕಲಾಗುತ್ತದೆ. ಹಿಂದೆ ಈ ಪರಿಶೀಲನೆ ಮುಗಿಯುವವರೆಗೆ ವಿಡಿಯೋ ಕೆಳಗಿನ ಎಣಿಕೆ 301ಕ್ಕೆ ನಿಂತುಬಿಡುತ್ತಿತ್ತು. 2015ರ ಆಗಸ್ಟ್‌ನಲ್ಲಿ ಆ ಪದ್ಧತಿ ಕೈಬಿಟ್ಟರು. ಈಗ ಎಣಿಕೆ ನಿಲ್ಲುವುದಿಲ್ಲ, ಬದಲಿಗೆ ಆಮೇಲೆ ಇಳಿಯಬಹುದು. ನಿಂತ ಅಂಕಿಗಿಂತ ಇಳಿಯುವ ಅಂಕಿಯೇ ನೋಡುವವರಿಗೆ ಹೆಚ್ಚು ಸಿಟ್ಟು ತರಿಸುವುದು ಎನ್ನುವುದು ಬೇರೆ ಮಾತು.

ವೀಕ್ಷಣೆ ಎಣಿಸಬಹುದಾದ ವಸ್ತು, ಕಷ್ಟಪಟ್ಟರೆ ಎರಡು ದಿನದಲ್ಲಿ ಮುಗಿಯುತ್ತದೆ. ಆದಾಯ ಹಾಗಲ್ಲ, ಅದರ ಬೆಲೆ ನಿಗದಿಯಾಗುವುದೇ ತಡವಾಗಿ. ಉದ್ದ ವಿಡಿಯೋದ ಜಾಹೀರಾತಿನ ನಿವ್ವಳ ಹಣದಲ್ಲಿ ಚಾನೆಲ್‌ನವರ ಪಾಲು 55%. ಯಾವುದರ 55% ಎಂಬುದೇ ತಕ್ಷಣ ಗೊತ್ತಾಗದಿರಬಹುದು. Skip ಒತ್ತಿ ದಾಟಬಹುದಾದ ಜಾಹೀರಾತು ಹರಾಜಿನಲ್ಲಿ ಮಾರಾಟವಾಗಿದ್ದರೆ ತೊಂದರೆಯಿಲ್ಲ. ನೋಡುಗ 30 ಸೆಕೆಂಡ್ ನೋಡಿದಾಗಲೋ, ಜಾಹೀರಾತು ಅದಕ್ಕಿಂತ ಚಿಕ್ಕದಿದ್ದು ಪೂರ್ತಿ ಮುಗಿದಾಗಲೋ, ಅದರ ಮೇಲೆ ಒತ್ತಿದಾಗಲೋ ಜಾಹೀರಾತುದಾರರ ಖಾತೆಗೆ ಖರ್ಚು ಬೀಳುತ್ತದೆ. ಎಷ್ಟು ಎಂದು ಆಗಲೇ ತಿಳಿಯುತ್ತದೆ. ಆದರೆ ದಿನದ ಲೆಕ್ಕದಲ್ಲಿ ಗುತ್ತಿಗೆ ಮಾತಾಡಿಕೊಂಡ ಜಾಹೀರಾತುಗಳೂ ಇರುತ್ತವೆ. ಒಂದು ದಿನಕ್ಕೆ 1,00,000 ರೂಪಾಯಿ, ಎಷ್ಟು ಸಲ ತೋರಿಸಿದರೂ ಅಷ್ಟೇ, ಎಂದು ಇಟ್ಟುಕೊಳ್ಳಿ. ಆ ದಿನ ಒಟ್ಟು 5 ಲಕ್ಷ ಸಲ ತೋರಿಸಬಹುದು ಎಂಬ ಅಂದಾಜಿನಲ್ಲಿ ಒಂದು ಪ್ರದರ್ಶನಕ್ಕೆ 20 ಪೈಸೆ. ನಿಜಕ್ಕೂ 4 ಲಕ್ಷ ಸಲ ಮಾತ್ರ ತೋರಿಸಿದ್ದರೆ ಅದು 25 ಪೈಸೆ. ನಿಮ್ಮ ವಿಡಿಯೋದಲ್ಲಿ 1,000 ಸಲ ಬಂದಿದ್ದರೆ ನಿಮ್ಮ ಪಾಲಿನ ಲೆಕ್ಕ 110 ರೂಪಾಯಿಯಿಂದ 137.50ಕ್ಕೆ ಏರುತ್ತದೆ. ನಿಮ್ಮ ಚಾನೆಲ್‌ನಲ್ಲಿ ಏನೂ ಬದಲಾಗಿಲ್ಲ, ಬೇರೆಯವರ ಚಾನೆಲ್‌ಗಳಲ್ಲಿ ಆ ಜಾಹೀರಾತು ಎಷ್ಟು ಸಲ ಓಡಿತು ಎಂಬ ಲೆಕ್ಕ ಮುಗಿಯಿತು, ಅಷ್ಟೆ.

ಶಾರ್ಟ್ಸ್‌ನಲ್ಲಿ ಈ ಸಂಗತಿ ಇನ್ನೂ ಮುಂದೆ ಹೋಗುತ್ತದೆ. ಒಂದು ಶಾರ್ಟ್ಸ್‌ನಿಂದ ಇನ್ನೊಂದಕ್ಕೆ ಜಾರುವಾಗ ಬರುವ ಜಾಹೀರಾತು ಯಾವ ಒಂದು ವಿಡಿಯೋಗೂ ಸೇರಿದ್ದಲ್ಲ. ಆದ್ದರಿಂದ ತಿಂಗಳ ಹಣವನ್ನೆಲ್ಲ ಒಂದೆಡೆ ಕೂಡಿಹಾಕುತ್ತಾರೆ. ಹಾಡು ಬಳಸಿದ ವಿಡಿಯೋಗಳ ಲೆಕ್ಕದಲ್ಲಿ ಒಂದು ಭಾಗ ಸಂಗೀತದ ಹಕ್ಕಿಗೆ ಹೋಗುತ್ತದೆ. ಒಂದು ಹಾಡಿದ್ದರೆ ಆ ವಿಡಿಯೋದ ವೀಕ್ಷಣೆಗೆ ತಗಲುವ ಹಣದಲ್ಲಿ ಅರ್ಧ, ಎರಡಿದ್ದರೆ ಮೂರರಲ್ಲಿ ಎರಡು ಪಾಲು. ಉಳಿದದ್ದನ್ನು ಪ್ರತಿ ದೇಶದಲ್ಲೂ ವೀಕ್ಷಣೆಯ ಪ್ರಮಾಣಕ್ಕೆ ತಕ್ಕಂತೆ ಚಾನೆಲ್‌ಗಳಿಗೆ ಹಂಚಿ, ಹಂಚಿಕೆಯಾದ ಮೊತ್ತದಲ್ಲಿ 45% ಕೊಡುತ್ತಾರೆ. ಭಾರತದ ಪಾಲಿನಲ್ಲಿ ನಿಮಗೆಷ್ಟು ಎಂದು ತಿಳಿಯಬೇಕಾದರೆ ಇಲ್ಲಿನ ಉಳಿದ ಚಾನೆಲ್‌ಗಳಿಗೆ ತಿಂಗಳಿಡೀ ಎಷ್ಟು ವೀಕ್ಷಣೆ ಬಂತು ಎಂಬುದೂ ಗೊತ್ತಾಗಬೇಕು. ತಿಂಗಳು ಮುಗಿಯದೆ ಅದು ಹೇಗೆ ಗೊತ್ತಾಗುತ್ತದೆ? ಶಾರ್ಟ್ಸ್ ಆದಾಯ ದಿನವಾರು ತೋರಿಸುವುದು ಒಂದು ಅನುಕೂಲ ಮಾತ್ರ, ಅದನ್ನು ನೆಚ್ಚಿಕೊಂಡು ಲೆಕ್ಕ ಹಾಕಬಾರದು. ಜೊತೆಗೆ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಆರಂಭವಾದರೆ ಸಾಕು, ಮತ್ತೆ ಓಡಿದರೂ ಸರಿ, ವೀಕ್ಷಣೆ ಎಂದು ಎಣಿಸುತ್ತಾರೆ. ಹಣದ ಲೆಕ್ಕಕ್ಕೆ ಮಾತ್ರ, ತಕ್ಷಣ ಜಾರಿಸದೆ ಸ್ವಲ್ಪ ಹೊತ್ತು ನೋಡಿದ್ದನ್ನಷ್ಟೇ ಹಿಡಿಯುವ Engaged views ಎಂಬ ಹಳೆಯ ಬಗೆಯ ಎಣಿಕೆಯೇ ಆಧಾರ. ವೀಕ್ಷಣೆ ಚೆನ್ನಾಗಿ ಏರಿಯೂ ಆದಾಯ ಅಲ್ಲೇ ಇರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಇರುವುದರಿಂದ ಆದಾಯದ ಅಂಕಿಯನ್ನು ಎರಡು ಸಲ ತಿದ್ದುತ್ತಾರೆ. ಸುಮಾರು ಒಂದು ವಾರದ ನಂತರ ಮೊದಲ ತಿದ್ದುಪಡಿ. ಅಲ್ಲಿಗೆ ದಾಖಲೆ ಹೆಚ್ಚು ಪೂರ್ತಿಯಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ 8.40 ಇದ್ದದ್ದು 9.10 ಆದದ್ದು ಇದರಿಂದ. ಮುಂದಿನ ತಿಂಗಳ ನಡುವೆ ಎರಡನೆಯ ತಿದ್ದುಪಡಿ, ಅದು ಹೆಚ್ಚು ಕರಾರುವಾಕ್ಕು. ಅಮಾನ್ಯ ಟ್ರಾಫಿಕ್, ಅಂದರೆ ಬಾಟ್ ವೀಕ್ಷಣೆಗಳು, ಚಾನೆಲ್‌ನವರೇ ತಮ್ಮ ಜಾಹೀರಾತು ಒತ್ತುವುದು, ಕೈತಪ್ಪಿ ಬಿದ್ದ ಕ್ಲಿಕ್ಕುಗಳು ಇವನ್ನೆಲ್ಲ ಕಳೆದು ಉಳಿದದ್ದು 8.70.

ಬೇರೆಯವರ ಹಾಡು, ದೃಶ್ಯ ಬಳಸಿದ್ದನ್ನು ಪತ್ತೆಹಚ್ಚುವ ಕಂಟೆಂಟ್ ಐಡಿ ವ್ಯವಸ್ಥೆಯಿಂದ ಹಕ್ಕುಸಾಧನೆ ಬಂದರೆ ಇಳಿಕೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮದುವೆಯ ವಿಡಿಯೋದಲ್ಲಿ ಹಿಂದೆ ಕೇಳಿಬಂದ ಸಿನಿಮಾ ಹಾಡಿಗೆ ಆಡಿಯೋ ಕಂಪನಿಯವರು ಹಕ್ಕು ಹೇಳಿದರು ಎನ್ನೋಣ. ನೀವು ಐದು ದಿನದೊಳಗೆ ಆಕ್ಷೇಪ ಸಲ್ಲಿಸಿದರೆ ಹಕ್ಕು ಹೇಳಿದ ಮೊದಲ ದಿನದಿಂದಲೇ ಆ ವಿಡಿಯೋದ ಹಣ ಬೇರೆಯಾಗಿ ಇಡಲ್ಪಡುತ್ತದೆ. ಆರನೆಯ ದಿನ ಎದ್ದು ಕೂತರೆ ಅಂದಿನಿಂದ ಮಾತ್ರ. ಎದುರಿನವರಿಗೆ ಉತ್ತರಿಸಲು 30 ದಿನ ಇದೆ. ತೀರ್ಮಾನವಾದ ಮೇಲೆ ಇಟ್ಟ ಹಣ ಸಲ್ಲಬೇಕಾದವರಿಗೆ ಹೋಗುತ್ತದೆ. ಹಾಗಾಗಿ ಜೂನ್‌ನ ಹಣದ ಕಥೆ ಆಗಸ್ಟ್‌ನಲ್ಲಿ ಮುಗಿಯುವುದೂ ಉಂಟು.

ಇನ್ನು ಪಕ್ಕಾ ಲೆಕ್ಕ. ಅದು ಸ್ಟುಡಿಯೋದಲ್ಲಿ ಹುಡುಕಬೇಕಾದ್ದಲ್ಲ, ಗೂಗಲ್‌ನ ಪಾವತಿ ಖಾತೆಯಾದ ಆಡ್‌ಸೆನ್ಸ್‌ನಲ್ಲಿ. ಒಂದು ತಿಂಗಳ ಅಂತಿಮ ಮೊತ್ತ ಮುಂದಿನ ತಿಂಗಳ 7ರಿಂದ 12ರೊಳಗೆ ಅಲ್ಲಿ ಜಮಾ ಆಗುತ್ತದೆ. ಬಾಕಿ 100 ಡಾಲರ್ ಮುಟ್ಟಿದ್ದರೆ 21ರಿಂದ 26ರೊಳಗೆ ಪಾವತಿ. ನಮ್ಮ ಉದಾಹರಣೆಯ ಚಾನೆಲ್‌ನ ಜೂನ್ ತಿಂಗಳನ್ನು ಪೂರ್ತಿ ನೋಡೋಣ. ಜುಲೈ 1ಕ್ಕೆ ಸ್ಟುಡಿಯೋ ತೋರಿಸಿದ್ದು ಉದ್ದ ವಿಡಿಯೋಗಳ ಜಾಹೀರಾತಿನಿಂದ 150 ಡಾಲರ್, ಪ್ರೀಮಿಯಂ ಚಂದಾದಾರರು ನೋಡಿದ್ದರಿಂದ 18, ಶಾರ್ಟ್ಸ್‌ನಿಂದ 22, ಒಟ್ಟು 190. ತಿಂಗಳ ಹಂಚಿಕೆ ಮುಗಿದಾಗ ಶಾರ್ಟ್ಸ್ 2 ಡಾಲರ್ ಏರಿತು. ಅಮಾನ್ಯ ಟ್ರಾಫಿಕ್‌ಗೆ 3.20 ಹೋಯಿತು. ಹಕ್ಕುಸಾಧನೆಯ ವಿಡಿಯೋದ 9 ಡಾಲರ್ ತಡೆಹಿಡಿಯಲ್ಪಟ್ಟಿತು. ಆಡ್‌ಸೆನ್ಸ್‌ಗೆ ಬಂದದ್ದು 179.80.

ಬ್ಯಾಂಕಿಗೆ ಅಷ್ಟೂ ಬರುವುದಿಲ್ಲ. ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದ ಆದಾಯಕ್ಕೆ ಅಲ್ಲಿನ ತೆರಿಗೆ ಮುರಿದುಕೊಳ್ಳುತ್ತಾರೆ, ಇದು ಸ್ಟುಡಿಯೋದಲ್ಲಿ ಕಾಣುವುದೇ ಇಲ್ಲ. ತೆರಿಗೆ ವಿವರ ಸಲ್ಲಿಸಿ ಒಪ್ಪಂದದ ರಿಯಾಯಿತಿ ಕೋರಿದ ಭಾರತದ ಚಾನೆಲ್‌ಗೆ ಅದು 15%. ನಮ್ಮ ಚಾನೆಲ್‌ನ 179.80ರಲ್ಲಿ ಅಮೆರಿಕದ ಕನ್ನಡಿಗರ ಪಾಲು 20 ಡಾಲರ್ ಆಗಿದ್ದರೆ ಹೋಗುವುದು 3 ಡಾಲರ್, ಉಳಿಯುವುದು 176.80. ತೆರಿಗೆ ವಿವರವನ್ನೇ ಕೊಡದಿದ್ದರೆ ಪ್ರಪಂಚದ ಎಲ್ಲ ಕಡೆಯ ಆದಾಯದ ಮೇಲೂ 24%ವರೆಗೆ ಮುರಿಯಬಹುದು, ಅಂದರೆ ಇಲ್ಲಿ 43 ಡಾಲರ್ ಮೇಲೆ. ಒಂದು ಫಾರ್ಮ್ ತುಂಬದ್ದಕ್ಕೆ ದುಬಾರಿ ದಂಡ. ಇದರ ಮೇಲೆ ಡಾಲರನ್ನು ರೂಪಾಯಿ ಮಾಡುವಾಗ ಬ್ಯಾಂಕಿನ ದರ, ಅದರ ಶುಲ್ಕ ಬೇರೆ. ಸ್ಟುಡಿಯೋದಲ್ಲಿ ಕರೆನ್ಸಿಯನ್ನು ರೂಪಾಯಿ ಎಂದು ಆರಿಸಿಕೊಂಡವರಿಗೆ ಪಾಸ್‌ಬುಕ್ಕಿನ ಮೊತ್ತ ಬೇರೆಯಾಗಿ ಕಾಣುವುದು ಇದರಿಂದಲೂ ಹೌದು.

ಅಂಕಿ ಇಳಿದಾಗ ಕಾರಣ ಪತ್ತೆ ಮಾಡಲು ದಾಖಲೆ ಬೇಕು, ಯಾಕೆಂದರೆ ಸ್ಟುಡಿಯೋ ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಬರೆಯುತ್ತದೆ. ವಾರಕ್ಕೊಮ್ಮೆ Advanced mode ತೆರೆದು, ಆ ತಿಂಗಳನ್ನು ವಿಡಿಯೋವಾರು ವಿಂಗಡಿಸಿ ಸಿಎಸ್‌ವಿ ಇಳಿಸಿಕೊಂಡು, ಇಳಿಸಿದ ತಾರೀಖನ್ನೇ ಫೈಲಿನ ಹೆಸರಾಗಿ ಇಟ್ಟರೆ ಸಾಕು. ಎರಡು ವಾರದ ಫೈಲುಗಳನ್ನು ಪಕ್ಕಪಕ್ಕ ಇಟ್ಟಾಗ ಒಂದೇ ವಿಡಿಯೋದ ಆದಾಯ ಕುಸಿದು ಉಳಿದದ್ದು ಹಾಗೇ ಇದ್ದರೆ ಅದರ ಹಕ್ಕುಸಾಧನೆ ನೋಡಿ. ವೀಕ್ಷಣೆಯೂ ಆದಾಯವೂ ಜೊತೆಯಾಗಿ ಇಳಿದಿದ್ದರೆ ನಕಲಿ ವೀಕ್ಷಣೆ ಸೋಸಿದ್ದಾರೆ ಎಂದು ತಿಳಿಯಬಹುದು. ವೀಕ್ಷಣೆಯೂ, ಜಾಹೀರಾತು ಓಡಿದ ಸಂಖ್ಯೆಯೂ ಅಷ್ಟೇ ಇದ್ದು CPM ಮಾತ್ರ ಬದಲಾಗಿದ್ದರೆ ಅದು ಜಾಹೀರಾತಿನ ಬೆಲೆಯ ತಿದ್ದುಪಡಿ, ನೀವು ಮಾಡುವುದಕ್ಕೇನೂ ಇಲ್ಲ. ಇವನ್ನು ಹೋಲಿಸುವಾಗ RPM ಅನ್ನು ಬೆರೆಸಬೇಡಿ. CPM ಸಾವಿರ ಸಲ ಜಾಹೀರಾತು ತೋರಿಸಿದ್ದಕ್ಕೆ ಜಾಹೀರಾತುದಾರರು ಕೊಟ್ಟ ದರ, RPM ಯೂಟ್ಯೂಬ್ ಪಾಲು ಕಳೆದ ಮೇಲೆ ಒಟ್ಟು ವೀಕ್ಷಣೆಗೆ ಭಾಗಿಸಿ ಸಾವಿರ ವೀಕ್ಷಣೆಗೆ ಎಷ್ಟು ಎಂದು ಹೇಳುವ ದರ. ಜಾಹೀರಾತೇ ಬರದ ವೀಕ್ಷಣೆಗಳು ಹೆಚ್ಚಾದರೂ ಸಾಕು, ಎರಡನೆಯದು ಇಳಿಯುತ್ತದೆ.

ಕಳೆದ ಏಳು ದಿನವನ್ನು ಅದರ ಹಿಂದಿನ ಏಳು ದಿನಕ್ಕೆ ಹೋಲಿಸುವ ಅಭ್ಯಾಸವೂ ಇದೇ ಕಾರಣಕ್ಕೆ ಮೋಸ ಮಾಡುತ್ತದೆ. ಹಿಂದಿನ ವಾರಕ್ಕೆ ಮೊದಲ ತಿದ್ದುಪಡಿ ಆಗಿರುತ್ತದೆ, ಈ ವಾರಕ್ಕೆ ಆಗಿರುವುದಿಲ್ಲ, ಕೊನೆಯ ಎರಡು ದಿನದ ಆದಾಯವಂತೂ ಇನ್ನೂ ಬಂದಿರುವುದೇ ಇಲ್ಲ. ಹೋಲಿಸಲೇಬೇಕಾದರೆ ಹತ್ತು ದಿನ ಹಿಂದಕ್ಕೆ ಸರಿದು ಅಲ್ಲಿಂದ ಎರಡು ವಾರ ತೆಗೆದುಕೊಳ್ಳಿ. ಆದಾಯ ತೆರಿಗೆ ಲೆಕ್ಕಪರಿಶೋಧಕರಿಗೆ ಕೊಡುವಾಗ ಸ್ಟುಡಿಯೋದ ಚಿತ್ರ ತೆಗೆದು ಕಳಿಸುವವರಿದ್ದಾರೆ. ಲೆಕ್ಕಪರಿಶೋಧಕರಿಗೆ ಬೇಕಾದ್ದು ಆಡ್‌ಸೆನ್ಸ್‌ನ ವಹಿವಾಟು ಪಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು ಅಮೆರಿಕದಲ್ಲಿ ಮುರಿದುಕೊಂಡ ತೆರಿಗೆಗೆ ಗೂಗಲ್ ಕೊಡುವ 1042-S ಫಾರ್ಮ್.